ಮಾಲೀಕರ ಪತ್ರಕ್ಕೂ ಮೊದಲು ಕರಾರು

ಮಗಳನ್ನು ಒಂದನೇ ತರಗತಿಗೆ ಸೇರಿಸಲು ಕೊಂಢವಾದ ನಮ್ಮ ಮನೆ ಹತ್ತಿರದ ಶಾಲೆಗೆ ಹೋಗಿದ್ದೆ. ಜನನ ಪ್ರಮಾಣಪತ್ರ, ಫೋಟೊ ಎಲ್ಲ ಸರಿಯಿತ್ತು. ತೊಡಕಾಗಿದ್ದು ವಿಳಾಸದ ಪುರಾವೆಗೆ. ನಮ್ಮ ಆಧಾರ್‌ನಲ್ಲಿ ಇನ್ನೂ ಧಾರವಾಡದ ವಿಳಾಸ, ಲೈಟ್ ಬಿಲ್ ಮಾಲೀಕರ ಹೆಸರಲ್ಲಿ, 11 ತಿಂಗಳ ಬಾಡಿಗೆ ಕರಾರು ಮುಗಿದು ಎರಡು ತಿಂಗಳಾಗಿತ್ತು. "ಮಾಲೀಕರಿಂದ ಒಂದು ಪತ್ರ ತನ್ನಿ" ಅಂದರು.

ನಮ್ಮ ಮಾಲೀಕರನ್ನು ನಾವು ಕಾಕಾ ಅಂತಲೇ ಕರೆಯುವುದು. ನಾಲ್ಕು ವರ್ಷದಲ್ಲಿ ಒಮ್ಮೆಯೂ ಜಗಳವಾಗಿಲ್ಲ. ಆದರೆ ಪತ್ರ ಎಂದ ಕೂಡಲೇ ಅವರ ಮುಖ ಸಪ್ಪಗಾಯಿತು. "ಬಾಡಿಗೆದಾರ ಅಂತ ಬರೆದುಕೊಟ್ಟರೆ ನಾಳೆ ಮನೆ ಬಿಡಲ್ಲ ಅಂದರೆ?" ಅಂದರು. ನನಗೆ ಬೇಸರವಾಯಿತು. ಆಮೇಲೆ ಕಾನೂನು ಓದಿದಾಗ ಅವರ ಅಂಜಿಕೆ ಸುಳ್ಳಲ್ಲ ಅನಿಸಿತು.

ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನ ಪ್ರಕಾರ ಕರಾರು ಲಿಖಿತವಾಗಿರಬೇಕು, ನೋಂದಣಿಯಾಗಿರಬೇಕು. ಮಾಡಿಸುವ ಹೊಣೆ ಮಾಲೀಕರದ್ದು. ಮಾಡಿಸದಿದ್ದರೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಅಷ್ಟೇ ಅಲ್ಲ, ಅಂಥ ಕರಾರಿಲ್ಲದಾಗ ಷರತ್ತುಗಳ ಬಗ್ಗೆ ತಕರಾರು ಬಂದರೆ, ಬೇರೆ ಸಾಕ್ಷಿ ಸಿಗುವವರೆಗೆ ಮನೆಯಲ್ಲಿರುವವನ ಮಾತೇ ನಡೆಯುತ್ತದೆ. ಕರಾರು ಮುಗಿದ ಹೊತ್ತಲ್ಲಿ ಪತ್ರ ಕೊಡಲು ಕಾಕಾ ಹಿಂಜರಿದಿದ್ದು ಸಹಜವೇ.

ಹಾಗಾಗಿ ಪತ್ರದ ಮಾತು ಬಿಟ್ಟು, "ಕಾಕಾ, ಮೊದಲು ಕರಾರು ಹೊಸದು ಮಾಡಿಸೋಣ, ಖರ್ಚು ನಂದು" ಅಂದೆ. ಇಲ್ಲಿ ಲೀವ್ ಆ್ಯಂಡ್ ಲೈಸೆನ್ಸ್ ಕರಾರನ್ನು ಆನ್‌ಲೈನಿನಲ್ಲೇ ನೋಂದಾಯಿಸಬಹುದು. ಏಜೆಂಟ್ ಹೆಬ್ಬೆಟ್ಟಿನ ಯಂತ್ರ ಹಿಡಿದು ಮನೆಗೇ ಬರುತ್ತಾನೆ. 20,000 ಬಾಡಿಗೆಯಂತೆ 11 ತಿಂಗಳಿಗೆ 2,20,000. 60,000 ಡಿಪಾಸಿಟ್ ಮೇಲೆ ವರ್ಷಕ್ಕೆ ಶೇ. 10ರ ಬಡ್ಡಿ ಲೆಕ್ಕ ಹಿಡಿದು, ಒಟ್ಟು ಮೊತ್ತಕ್ಕೆ ಶೇ. 0.25 ಮುದ್ರಾಂಕ ಶುಲ್ಕ. ಅದು ಸುಮಾರು 600 ರೂಪಾಯಿ ಆಯಿತು. ನೋಂದಣಿಗೆ 1,000. ಏಜೆಂಟ್ ಕೂಲಿ ಬೇರೆ.

ನೋಂದಣಿಯಾದ ಮೇಲೂ ಪತ್ರ ಬೇಕಾಯಿತು, ಯಾಕೆಂದರೆ ಕರಾರಿನಲ್ಲಿ ನನ್ನ ಹೆಸರೊಂದೇ ಇತ್ತು. ಹೆಂಡತಿ, ಮಗಳ ಹೆಸರು ಇರಲಿಲ್ಲ. ಕಾಕಾ ಹೆದರಿದ್ದ 'ಬಾಡಿಗೆದಾರ' ಎಂಬ ಪದವನ್ನು ಬಿಟ್ಟು, ಕರಾರಿನಲ್ಲೇ ಇರುವ 'ಲೈಸೆನ್ಸಿ' ಎಂಬ ಪದ ಹಾಕಿದೆ. ಬರೆದದ್ದು ಇಷ್ಟೇ: "ಇವರು ಇಂಥ ಸಂಖ್ಯೆಯ, ಇಂಥ ದಿನಾಂಕದ ನೋಂದಾಯಿತ ಕರಾರಿನಂತೆ ಲೈಸೆನ್ಸಿಯಾಗಿ ನನ್ನ ಈ ಫ್ಲಾಟಿನಲ್ಲಿ ಪತ್ನಿ ಮತ್ತು ಮಗಳೊಂದಿಗೆ ವಾಸವಾಗಿದ್ದಾರೆ. ಈ ಪತ್ರ ಮಗಳ ಶಾಲಾ ಪ್ರವೇಶಕ್ಕೆ ಮಾತ್ರ." ಫ್ಲಾಟಿನ ವಿಳಾಸವನ್ನು ಕರಾರಿನಲ್ಲಿ ಇದ್ದಂತೆಯೇ, ಕೊಂಢವಾ ಖುರ್ದೋ ಬುದ್ರುಕ್ಕೋ ಎಂಬುದೂ ತಪ್ಪದಂತೆ ಬರೆದೆವು. ಜೊತೆಗೆ ಲೈಟ್ ಬಿಲ್ಲಿನ ಪ್ರತಿ ಇಟ್ಟೆವು.

ಕಾಕಾ ಎರಡು ಸಲ ಓದಿ ಸಹಿ ಹಾಕಿದರು. ಮಗಳು ಈಗ ಒಂದನೇ ತರಗತಿ. ಕರಾರು ಮುಗಿಯುವ ತಾರೀಖನ್ನು ಒಂದು ತಿಂಗಳು ಮೊದಲೇ ನೆನಪಿಸುವಂತೆ ಫೋನಿನಲ್ಲಿ ಹಾಕಿಟ್ಟಿದ್ದೇನೆ.