ತೊಲೆ, ಕಮಾನು, ತೂಗುಹಗ್ಗ: ಒಂದೇ ಭಾರಕ್ಕೆ ಮೂರು ದಾರಿ

ತೊಲೆ ಸೇತುವೆಯ ಮೇಲೆ ಗಾಡಿ ಬಂದಾಗ ತೊಲೆ ನಡುವಿನಲ್ಲಿ ತುಸು ಬಾಗುತ್ತದೆ. ಅದರ ಮೇಲ್ಮೈ ಒತ್ತಿಕೊಳ್ಳುತ್ತದೆ, ತಳ ಎಳೆದು ಹಿಗ್ಗುತ್ತದೆ. ಕಂಬಗಳಿಗೆ ಇಳಿಯುವುದು ನೇರ ತೂಕ ಮಾತ್ರ. ಒತ್ತಡ, ಎಳೆತಗಳೆರಡನ್ನೂ ತೊಲೆ ತನ್ನೊಳಗೇ ನುಂಗಿಕೊಳ್ಳಬೇಕು. ಕಲ್ಲು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರು 1804ರಲ್ಲಿ ಪೂರೈಸಿದ ವೆಲ್ಲೆಸ್ಲಿ ಸೇತುವೆಯಲ್ಲಿ ಕಲ್ಲುಕಂಬಗಳು ಅಷ್ಟು ಒತ್ತೊತ್ತಾಗಿರುವುದು ಇದಕ್ಕೇ. ಕಲ್ಲುತೊಲೆ ಸೋತರೆ ಬಿರುಕು ಸಾಮಾನ್ಯವಾಗಿ ನಡುವಿನ ತಳದಲ್ಲಿ ಮೊದಲು ಕಾಣುತ್ತದೆ.

ಒಂದು ಲೆಕ್ಕ ನೋಡಬಹುದು. ಕಂಬಗಳ ನಡುವೆ 10 ಮೀಟರ್ ಅಂತರ, ಪ್ರತಿ ಮೀಟರಿಗೆ 2 ಟನ್ ಭಾರ. ಅಂತರವನ್ನು ಅದರಿಂದಲೇ ಗುಣಿಸಿ, 2ರಿಂದ ಗುಣಿಸಿ, 8ರಿಂದ ಭಾಗಿಸಿದರೆ 25 ಬರುತ್ತದೆ. ತೊಲೆಯೊಳಗಿನ ಒತ್ತಡಕ್ಕೂ ಎಳೆತಕ್ಕೂ ನಡುವೆ 1 ಮೀಟರ್ ಎತ್ತರವಿದ್ದರೆ ಎರಡೂ ತಲಾ 25 ಟನ್. ಅಂತರ 20 ಮೀಟರಾದರೆ ಅದು ದುಪ್ಪಟ್ಟಲ್ಲ, ನಾಲ್ಕು ಪಟ್ಟು: 100 ಟನ್. ತೊಲೆಯನ್ನು ದಪ್ಪ ಮಾಡುತ್ತ ಹೋದರೆ ಅದರ ಸ್ವಂತ ತೂಕವೇ ಅದಕ್ಕೆ ಹೊರೆಯಾಗುತ್ತದೆ.

ಕಮಾನಿನಲ್ಲಿ ಅದೇ 25ನ್ನು ಕಮಾನಿನ ಏರಿನಿಂದ ಭಾಗಿಸಬೇಕು. ಏರು 2.5 ಮೀಟರ್ ಇದ್ದರೆ ಸಿಗುವುದು 10 ಟನ್. ಆದರೆ ಈ 10 ಟನ್ ಕಮಾನಿನೊಳಗೆ ಮುಗಿಯುವುದಿಲ್ಲ. ಎರಡೂ ಬದಿಯ ಆಧಾರಗಳನ್ನು ಹೊರಕ್ಕೆ ನೂಕುತ್ತದೆ. ಭಾರ ಸಮವಾಗಿ ಹರಡಿರುವವರೆಗೆ ಕಮಾನಿನ ಮೈಯಲ್ಲಿ ಬಹುಪಾಲು ಒತ್ತಡವೇ ಇರುವುದರಿಂದ ಕಲ್ಲಿಗೆ ಇದು ಹೇಳಿ ಮಾಡಿಸಿದ ಆಕಾರ. ದಡದ ಆಧಾರ ತುಸು ಸರಿದರೂ ಕಮಾನಿನ ನೆತ್ತಿ ಕುಸಿಯತೊಡಗಿ, ಅಲ್ಲಿನ ತಳದ ಸಂದು ಬಾಯಿ ಬಿಡುತ್ತದೆ. ಜಮ್ಮು ಕಾಶ್ಮೀರದ ಚೆನಾಬ್ ರೈಲು ಸೇತುವೆಯ 467 ಮೀಟರ್ ಉಕ್ಕಿನ ಕಮಾನಿನ ನೂಕನ್ನು ಕಣಿವೆಯ ಎರಡು ಬದಿಯ ಬೆಟ್ಟಗಳು ತಡೆಯುತ್ತವೆ.

ಕಮಾನನ್ನು ತಲೆಕೆಳಗು ಮಾಡಿದರೆ ತೂಗುಸೇತುವೆಯ ಹಗ್ಗ. ಜೋಲು 2.5 ಮೀಟರ್ ಇದ್ದರೆ ಅಡ್ಡ ಬಲ ಮತ್ತೆ 10 ಟನ್ನೇ, ಆದರೆ ಈ ಸಲ ಎಳೆತ. ಒತ್ತಿದಾಗ ತೆಳ್ಳನೆಯ ಉಕ್ಕು ಬಳುಕಿ ಸೋಲುತ್ತದೆ. ಎಳೆದಾಗ ಆ ಭಯವಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆ 1937ರಲ್ಲೇ ಗೋಪುರಗಳ ನಡುವೆ 1280 ಮೀಟರ್ ದಾಟಿತು. ಗೋಪುರಗಳು ತೂಕವನ್ನು ನೆಲಕ್ಕಿಳಿಸುತ್ತವೆ, ದಡಗಳಲ್ಲಿ ಹೂತ ಭಾರಿ ಕಾಂಕ್ರೀಟ್ ಗಡ್ಡೆಗಳು ಹಗ್ಗದ ತುದಿಗಳನ್ನು ಹಿಡಿದಿಡುತ್ತವೆ.

ಹಗ್ಗಕ್ಕೆ ಸ್ವಂತ ಬಿಗುವಿಲ್ಲ. ಭಾರ ಸರಿದಂತೆ ಅದರ ಆಕಾರವೂ ಬದಲಾಗುತ್ತದೆ. ಹಾಗಾಗಿ ರಸ್ತೆಯ ಹಾಸಿಗೆ ಗಟ್ಟಿ ತೊಲೆಯ ಆಸರೆ ಬೇಕೇ ಬೇಕು. ಅಮೆರಿಕದ ಟಕೋಮಾ ನ್ಯಾರೋಸ್ ಸೇತುವೆಯಲ್ಲಿ ಈ ತೊಲೆಯ ಎತ್ತರ ಬರೀ 2.4 ಮೀಟರ್ ಇತ್ತು. 1940ರ ನವೆಂಬರ್ 7ರಂದು ಗಂಟೆಗೆ ಸುಮಾರು 64 ಕಿಲೋಮೀಟರ್ ವೇಗದ ಗಾಳಿಗೆ ಹಾಸು ತಿರುಚಿ ತಿರುಚಿ ಹರಿದುಬಿತ್ತು. 1950ರಲ್ಲಿ ಅಲ್ಲಿಯೇ ಕಟ್ಟಿದ ಹೊಸ ಸೇತುವೆಗೆ ಸುಮಾರು 10 ಮೀಟರ್ ಎತ್ತರದ, ಗಾಳಿ ಹಾಯ್ದುಹೋಗುವಂಥ ಉಕ್ಕಿನ ಜಾಲರಿ ತೊಲೆಗಳನ್ನು ಕೂರಿಸಿದರು.