ಇಪ್ಪತ್ತೊಂದು ಹೆಸರು, ಹನ್ನೊಂದು ಬೈ

ಗಣೇಶನ ಹಬ್ಬಕ್ಕೆ ಬೀದಿಯ ಯುವಕ ಸಂಘದವರು ಕೇರಂ ಪಂದ್ಯಾವಳಿ ಇಡುತ್ತಾರೆ, ನವೆಂಬರಿನಲ್ಲಿ ಕಚೇರಿಯವರು ರಾಜ್ಯೋತ್ಸವದ ನೆಪದಲ್ಲಿ ಇಡುತ್ತಾರೆ. ಹೆಸರು ಕೊಡುವವರು ಲೆಕ್ಕ ಹಾಕಿಕೊಂಡು ಕೊಡುವುದಿಲ್ಲವಲ್ಲ, ಕೊನೆಗೆ ಪಟ್ಟಿ ನೋಡಿದರೆ 21 ಜನ. ಇಬ್ಬಿಬ್ಬರಂತೆ ಜೋಡಿ ಮಾಡಿದರೆ ಹತ್ತು ಜೋಡಿಯಾಗಿ ಒಬ್ಬ ಉಳಿಯುತ್ತಾನೆ. ‘ನೀನು ಈ ಸಲ ಆಡೋದು ಬೇಡ, ಮುಂದಿನ ಸುತ್ತಿಗೆ ಬಾ’ ಎಂದು ಅವನಿಗೆ ಬೈ ಕೊಟ್ಟು ಆಟ ಶುರು ಮಾಡುತ್ತಾರೆ. ಆ ಹೊತ್ತಿಗೆ ಅದರಲ್ಲಿ ಯಾರಿಗೂ ತಪ್ಪು ಕಾಣುವುದಿಲ್ಲ. ತಕರಾರು ಏಳುವುದು ಸಂಜೆ, ಸೆಮಿಫೈನಲ್ ಹೊತ್ತಿಗೆ.

ಹೇಗೆಂದು ನೋಡಿ. ಗೆದ್ದ ಹತ್ತು ಜನ, ಉಳಿದಿದ್ದ ಒಬ್ಬ ಸೇರಿ ಎರಡನೇ ಸುತ್ತಿಗೆ ಹನ್ನೊಂದು ಜನ. ಅಲ್ಲಿ ಐದು ಪಂದ್ಯ, ಮತ್ತೆ ಒಬ್ಬನಿಗೆ ಬೈ. ಮೂರನೇ ಸುತ್ತಿಗೆ ಆರು ಜನ; ಮೂರು ಪಂದ್ಯ ಮುಗಿದರೆ ಉಳಿಯುವವರು ಮೂವರು. ಮೂವರಲ್ಲಿ ಇಬ್ಬರು ಸೆಮಿಫೈನಲ್ ಆಡಬೇಕು, ಇನ್ನೊಬ್ಬ ಕುರ್ಚಿಯಲ್ಲಿ ಕೂತೇ ಫೈನಲ್ ತಲುಪುತ್ತಾನೆ. ಆಡಿ ಗೆದ್ದವನು ಬೆರಳಿಗೆ ಬಿಡುವು ಕೊಡದೆ ಅವನೆದುರು ಹೋಗಿ ಕೂರಬೇಕು. ಚೀಟಿ ಎತ್ತುವಾಗ ಮೂರು ಸಲವೂ ಒಬ್ಬನದೇ ಹೆಸರು ಬಂತು ಅನ್ನಿ. ಅವನು ಎರಡೇ ಪಂದ್ಯ ಗೆದ್ದು ಟ್ರೋಫಿ ಹಿಡಿಯಬಹುದು. ಒಂದೂ ಬೈ ಸಿಗದವನು ಅದೇ ಟ್ರೋಫಿಗೆ ಐದು ಪಂದ್ಯ ಗೆಲ್ಲಬೇಕು. ‘ಒಮ್ಮೆ ಬೈ ಸಿಕ್ಕವನಿಗೆ ಮತ್ತೆ ಇಲ್ಲ’ ಎಂದು ಕೆಲವು ಕಡೆ ನಿಯಮ ಮಾಡುತ್ತಾರೆ. ಅಷ್ಟರಿಂದ ಮೂರು ಬೈಗಳು ಮೂವರಿಗೆ ಹಂಚಿಹೋಗುತ್ತವೆ ನಿಜ, ಆದರೆ ಸೆಮಿಫೈನಲ್‌ನಲ್ಲಿ ಮೂವರೇ ಉಳಿಯುವುದು ತಪ್ಪುವುದಿಲ್ಲ.

ಬೆಸ ಸಂಖ್ಯೆ ಬಂದದ್ದರಿಂದಲೇ ಈ ಗೋಳು ಎಂದು ಸಂಘಟಕರು ಅಂದುಕೊಳ್ಳುತ್ತಾರೆ. ಓಡಾಡಿ ಇನ್ನೊಬ್ಬನನ್ನು ಹಿಡಿದು ತಂದು 22 ಮಾಡುತ್ತಾರೆ. ಮೊದಲ ಸುತ್ತಿನಲ್ಲಿ ಹನ್ನೊಂದು ಪಂದ್ಯ ಸಲೀಸಾಗಿ ಆಗುತ್ತವೆ, ಎರಡನೇ ಸುತ್ತಿಗೆ ಬರುವವರು ಮತ್ತೆ ಹನ್ನೊಂದು. ಸಂಖ್ಯೆ ಸಮವಾಗಿದ್ದರೆ ಸಾಲದು. ಅರ್ಧ ಮಾಡುತ್ತ ಹೋದಾಗ ಎಲ್ಲೂ ಮುರಿಯದೆ ಎರಡಕ್ಕೆ ಬರಬೇಕು. ಫೈನಲ್‌ಗೆ ಇಬ್ಬರು, ಸೆಮಿಗೆ ನಾಲ್ವರು, ಕ್ವಾರ್ಟರ್‌ಗೆ ಎಂಟು, ಅದಕ್ಕೂ ಹಿಂದೆ ಹದಿನಾರು, ಮೂವತ್ತೆರಡು. ನಮ್ಮ ಪಟ್ಟಿ ಈ ಸರಣಿಯಲ್ಲಿ ಎಲ್ಲೂ ಕೂರದಿದ್ದರೆ ಅದನ್ನು ಸರಿಮಾಡಲು ಇರುವ ಒಂದೇ ಜಾಗ ಮೊದಲ ಸುತ್ತು. ಬೈ ಎಷ್ಟು ಬೇಕೋ ಅಷ್ಟನ್ನೂ ಅಲ್ಲೇ ಕೊಟ್ಟು ಮುಗಿಸಿದರೆ ಎರಡನೇ ಸುತ್ತಿನಿಂದಾಚೆ ಯಾರೂ ಕೂತು ಮುಂದೆ ಹೋಗುವುದಿಲ್ಲ.

21ಕ್ಕಿಂತ ಮೇಲೆ ಸರಣಿಯಲ್ಲಿ ಸಿಗುವ ಸಂಖ್ಯೆ 32. ಅದರಿಂದ 21 ಕಳೆದರೆ 11. ಅಷ್ಟು ಬೈ. ಉಳಿದ ಹತ್ತು ಜನ ಮಾತ್ರ ಮೊದಲ ಸುತ್ತು ಆಡುತ್ತಾರೆ. ಗೆದ್ದ ಐವರು, ಬೈ ಪಡೆದ ಹನ್ನೊಂದು ಮಂದಿ ಸೇರಿ ಹದಿನಾರು. ಇದನ್ನು ಹೇಳಿದ ಕೂಡಲೇ ಬರುವ ಮಾತು: ‘ಅರ್ಧಕ್ಕಿಂತ ಹೆಚ್ಚು ಜನ ಮೊದಲ ಸುತ್ತು ಆಡೋದೇ ಇಲ್ವಾ? ಬಂದವರಿಗೆ ಮೋಸ ಅಲ್ವಾ?’ ಆದರೆ ಒಟ್ಟು ಪಂದ್ಯ ಕಡಿಮೆಯಾಗಲಿಲ್ಲ. ಒಂದು ಪಂದ್ಯ ಒಬ್ಬನನ್ನು ಮನೆಗೆ ಕಳಿಸುತ್ತದೆ, 21 ಜನರಲ್ಲಿ ಒಬ್ಬ ಗೆಲ್ಲಬೇಕಾದರೆ ಇಪ್ಪತ್ತು ಮಂದಿ ಮನೆಗೆ ಹೋಗಬೇಕು. ಯಾವ ರೀತಿ ಆಡಿಸಿದರೂ ಇಪ್ಪತ್ತೇ ಪಂದ್ಯ. ಮೊದಲ ರೀತಿಯಲ್ಲಿ ಬೈ ಮೂರೇ ಇದ್ದವು, ಆದರೆ ಒಂದು ಸೆಮಿಫೈನಲ್‌ನಲ್ಲೇ ಬಂದು ಕೂತಿತ್ತು. ಇಲ್ಲಿ ಹನ್ನೊಂದಿವೆ, ಎಲ್ಲವೂ ಮೊದಲ ಸುತ್ತಿನಲ್ಲೇ ಮುಗಿಯುತ್ತವೆ.

ಹಾಗೆಂದು ಮೊದಲ ಸುತ್ತಿನ ಬೈ ಸಣ್ಣ ಲಾಭವೇನಲ್ಲ. ಎಲ್ಲರೂ ಸರಿಸಮ ಆಟಗಾರರು, ಯಾವ ಪಂದ್ಯವಾದರೂ ಗೆಲುವು ಅರ್ಧಕ್ಕರ್ಧ ಎಂದುಕೊಳ್ಳೋಣ. ಬೈ ಸಿಕ್ಕವನು ನಾಲ್ಕು ಪಂದ್ಯ ಗೆಲ್ಲಬೇಕು, ಅವನಿಗೆ ಟ್ರೋಫಿ ಸಿಗುವ ಅವಕಾಶ ಹದಿನಾರರಲ್ಲಿ ಒಂದು. ಸಿಗದವನು ಐದು ಗೆಲ್ಲಬೇಕು, ಅವನದು ಮೂವತ್ತೆರಡರಲ್ಲಿ ಒಂದು. ಒಂದು ಬೈ ಎಂದರೆ ಅವಕಾಶ ಎರಡರಷ್ಟು. ಅದಕ್ಕೇ ಬೈ ಎಷ್ಟು ಎಂಬುದಕ್ಕಿಂತ ಯಾರಿಗೆ, ಹೇಗೆ ಸಿಕ್ಕಿತು ಎಂಬುದರಲ್ಲಿ ನ್ಯಾಯ ಇದೆ. ಸಂಘದ ಕಾರ್ಯದರ್ಶಿಯ ಭಾವಮೈದುನನ ಹೆಸರು ಬೈ ಪಟ್ಟಿಯಲ್ಲಿ ಕಂಡರೆ, ಚೀಟಿ ನಿಜವಾಗಿಯೇ ಬಂದಿದ್ದರೂ ಜನ ನಂಬುವುದಿಲ್ಲ.

ಇದಕ್ಕೆ ಉಪಾಯ ಸರಳ: ಹೆಸರು ಬರುವ ಮೊದಲೇ ಬೈಯ ಜಾಗ ನಿಗದಿಯಾಗಿರಲಿ. ಡ್ರಾ ಹಾಳೆಯ ಮೇಲೆ 1ರಿಂದ 21ರವರೆಗೆ ಮನೆಗಳನ್ನು ಬರೆಯಿರಿ. ದೈಹಿಕ ಶಿಕ್ಷಣದ ಪಾಠದಲ್ಲಿ ಕಲಿಸುವಂತೆ ಬೆಸ ಸಂಖ್ಯೆ ಇದ್ದಾಗ ಮೇಲರ್ಧಕ್ಕೆ ಒಬ್ಬ ಹೆಚ್ಚು, ಕೆಳಗಿನರ್ಧಕ್ಕೆ ಒಬ್ಬ ಕಡಿಮೆ. ಇಲ್ಲಿ ಹನ್ನೊಂದು ಮತ್ತು ಹತ್ತು. ಅದನ್ನೇ ನಾಲ್ಕು ಪಾಲು ಮಾಡಿದರೆ ಆರು, ಐದು, ಐದು, ಐದು. ಮೊದಲ ಪಾಲಿನಲ್ಲಿ 1ಕ್ಕೂ 2ಕ್ಕೂ ಪಂದ್ಯ, ಗೆದ್ದವನಿಗೆ 3ನೆಯವನು ಎದುರಾಳಿ. 4ಕ್ಕೂ 5ಕ್ಕೂ ಪಂದ್ಯ, ಗೆದ್ದವನಿಗೆ 6ನೆಯವನು. ಎರಡನೇ ಪಾಲಿನಲ್ಲಿ 7ಕ್ಕೂ 8ಕ್ಕೂ ಪಂದ್ಯ, ಗೆದ್ದವನು 9ರ ಎದುರು. 10 ಮತ್ತು 11ನೆಯವರು ನೇರ ಎರಡನೇ ಸುತ್ತಿನಲ್ಲೇ ಪರಸ್ಪರ ಎದುರಾಗುತ್ತಾರೆ. 12ರಿಂದ 16 ಹಾಗೂ 17ರಿಂದ 21ರ ಪಾಲುಗಳು ಇದೇ ಅಚ್ಚಿನವು. ಎಣಿಸಿ ನೋಡಿ: ಮೊದಲ ಸುತ್ತಿಗೆ ಐದು ಪಂದ್ಯ, ಮೇಲರ್ಧದಲ್ಲಿ ಐದು ಬೈ, ಕೆಳಗೆ ಆರು. ಈ ಹಾಳೆಯನ್ನು ಗೋಡೆಗೆ ಅಂಟಿಸಿದ ಮೇಲೆ, ಎಲ್ಲರೆದುರು, ಒಂದು ಡಬ್ಬಿಯಿಂದ ಹೆಸರನ್ನೂ ಇನ್ನೊಂದರಿಂದ ಮನೆಯ ಸಂಖ್ಯೆಯನ್ನೂ ಚಿಕ್ಕ ಮಗುವಿನ ಕೈಯಲ್ಲಿ ಎತ್ತಿಸಿದರೆ ಮಾತಿಗೆ ಎಡೆ ಇರುವುದಿಲ್ಲ.

ಬೈಗಳನ್ನು ಹೀಗೆ ಚೆಲ್ಲುವುದು ಯಾಕೆ, ಮೊದಲ ಹತ್ತು ಜನ ಆಡಲಿ, ಕೊನೆಯ ಹನ್ನೊಂದಕ್ಕೆ ಬೈ ಇರಲಿ ಎಂದರೆ ಏನಾಗುತ್ತದೆ? ಮೇಲರ್ಧದಲ್ಲಿ ಹದಿಮೂರು ಜನ ಕೂಡುತ್ತಾರೆ, ಕೆಳಗೆ ಎಂಟೇ ಜನ, ಎಂಟಕ್ಕೆ ಎಂಟೂ ಬೈ. ಎಲ್ಲರೂ ಸರಿಸಮರಾಗಿದ್ದರೆ ಬೈ ಪಡೆದವನ ಅವಕಾಶ ಎಲ್ಲಿದ್ದರೂ ಹದಿನಾರರಲ್ಲಿ ಒಂದೇ, ಲೆಕ್ಕ ಬದಲಾಗದು. ಆದರೆ ನಿಜವಾದ ಪಂದ್ಯಾವಳಿಯಲ್ಲಿ ಯಾರೂ ಸರಿಸಮರಲ್ಲ. ಮೊದಲ ಸುತ್ತು ಗೆದ್ದು ಬಂದವನು ಒಬ್ಬನನ್ನು ಸೋಲಿಸಿ ಬಂದವನು. ಸಾಮಾನ್ಯವಾಗಿ ಅವನು ಸುಮ್ಮನೆ ಬಂದವನಿಗಿಂತ ಒಂದು ಕೈ ಮೇಲು. ಅಂಥ ಐವರೂ ಒಂದೇ ಕಡೆ ಸೇರಿದರೆ ಆ ಕಡೆಯವರಿಗೆ ಎದುರಾಳಿ ಗಟ್ಟಿ. ಜತೆಗೆ ಮೇಲಿನವರು ಬೆಳಗಿನಿಂದ ಆಡುತ್ತಿರುವಾಗ ಕೆಳಗಿನವರು ಮಧ್ಯಾಹ್ನದವರೆಗೆ ಕಾಯುತ್ತಿರುತ್ತಾರೆ.

ಬೈಯನ್ನು ಬಲ್ಲಿದರಿಗೇ ಮೀಸಲಿಡಬೇಕೇ? ಅಧಿಕೃತ ಟೂರ್ನಿಗಳಲ್ಲಿ ರ‍್ಯಾಂಕಿಂಗ್ ನೋಡಿ ಶ್ರೇಯಾಂಕ ಕೊಡುತ್ತಾರೆ, ಬೈ ಕೂಡ ಮೊದಲು ಅವರಿಗೇ ಹೋಗುತ್ತದೆ. ಅಲ್ಲಿ ಅದಕ್ಕೆ ಆಧಾರ ಇರುತ್ತದೆ. ಬೀದಿಯ ಪಂದ್ಯಾವಳಿಯಲ್ಲಿ ಇರುವ ಆಧಾರವೆಂದರೆ ‘ಅವನು ಚೆನ್ನಾಗಿ ಆಡ್ತಾನೆ’ ಎಂಬ ಮಾತು ಮಾತ್ರ. ಮೊದಲೇ ಮುಂದಿರುವವನಿಗೆ ಅವಕಾಶವನ್ನು ಇನ್ನೂ ದುಪ್ಪಟ್ಟು ಮಾಡಿಕೊಡುವುದು ನನಗೆ ಒಪ್ಪಿಗೆಯಿಲ್ಲ. ಕಳೆದ ವರ್ಷ ಫೈನಲ್ ಆಡಿದ ಇಬ್ಬರನ್ನು ಒಬ್ಬನನ್ನು ಮೇಲರ್ಧಕ್ಕೆ, ಒಬ್ಬನನ್ನು ಕೆಳಗೆ ಹಾಕಿ. ಆ ಅರ್ಧದೊಳಗೆ ಯಾವ ಮನೆ ಎಂಬುದನ್ನು ಚೀಟಿಯೇ ಹೇಳಲಿ. ಮಿಕ್ಕವರಿಗೆಲ್ಲ ಬರೀ ಚೀಟಿ ಸಾಕು.

ಕೇರಂನಲ್ಲಿ ಬೈಗೆ ಇನ್ನೊಂದು ಮುಖವಿದೆ. ಒಂದೊಂದು ಬೋರ್ಡಿನ ಓಟ ಒಂದೊಂದು ತರಹ. ಪೌಡರ್ ಎಷ್ಟು ಬಿದ್ದಿದೆ, ಗಾಳಿಯಲ್ಲಿ ತೇವ ಎಷ್ಟಿದೆ ಎಂಬುದರ ಮೇಲೆ ಸ್ಟ್ರೈಕರ್ ಜಾರುವ ವೇಗ, ಚೌಕಟ್ಟಿಗೆ ತಾಗಿ ಹಿಂದಿರುಗುವ ರೀತಿ ಬದಲಾಗುತ್ತವೆ. ಮೊದಲ ಸುತ್ತು ಆಡಿದವನ ಬೆರಳಿಗೆ ಆ ಬೋರ್ಡಿನ ಪರಿಚಯ ಆಗಿರುತ್ತದೆ. ಬೈ ಪಡೆದವನು ತಣ್ಣಗಿನ ಕೈಯಲ್ಲಿ ಬಂದು ಕೂರುತ್ತಾನೆ, ಮೊದಲ ಬೋರ್ಡ್ ಕಳೆದುಕೊಳ್ಳುವುದೂ ಉಂಟು. ಆದ್ದರಿಂದ ಪ್ರತಿ ಪಂದ್ಯಕ್ಕೂ ಮೊದಲು ಇಬ್ಬರಿಗೂ ಸಮವಾಗಿ ಕೆಲವು ಹೊಡೆತ ಅಭ್ಯಾಸಕ್ಕೆ ಬಿಡಿ. ಹಾಗೆಯೇ, ಬೈ ಸಿಕ್ಕವರು ಖಾಲಿ ಕೂತಿದ್ದಾರೆಂದು ಪಂದ್ಯದ ಬೋರ್ಡಿನ ಮೇಲೇ ತಾಸುಗಟ್ಟಲೆ ಕೈ ಪಳಗಿಸಲು ಬಿಡಬೇಡಿ. ಅಭ್ಯಾಸಕ್ಕೆ ಹಳೆಯ ಬೋರ್ಡೊಂದು ಬೇರೆ ಇರಲಿ.

ಹೊತ್ತಿನ ಲೆಕ್ಕಕ್ಕೂ ಈ ಹಾಳೆ ಸಹಾಯಕ್ಕೆ ಬರುತ್ತದೆ. ಅಧಿಕೃತ ನಿಯಮದಲ್ಲಿ ಒಂದು ಗೇಮ್ ಎಂದರೆ 25 ಪಾಯಿಂಟ್ ಅಥವಾ ಎಂಟು ಬೋರ್ಡ್, ಯಾವುದು ಮೊದಲೋ ಅದು. ಪಂದ್ಯಕ್ಕೆ ಮೂರು ಗೇಮ್‌ಗಳಲ್ಲಿ ಎರಡು ಗೆಲ್ಲಬೇಕು. ಒಂದೇ ದಿನದಲ್ಲಿ ಮುಗಿಸಬೇಕಾದವರು ಫೈನಲ್‌ವರೆಗೆ ಒಂದೊಂದೇ ಗೇಮ್ ಇಟ್ಟುಕೊಳ್ಳುವುದು ವಾಸಿ. ಗೇಮಿಗೆ ಅರ್ಧ ಗಂಟೆ ಹಿಡಿದು, ಎರಡು ಬೋರ್ಡ್ ಇಟ್ಟರೆ ಮೊದಲ ಸುತ್ತಿಗೆ ಮೂರು ಸರದಿ, ಎರಡನೆಯದಕ್ಕೆ ನಾಲ್ಕು, ಕ್ವಾರ್ಟರ್‌ಗೆ ಎರಡು, ಸೆಮಿಗೆ ಒಂದು, ಫೈನಲ್‌ಗೆ ಒಂದು. ಹನ್ನೊಂದು ಸರದಿ, ಐದೂವರೆ ಗಂಟೆ. ಊಟ ಮತ್ತು ಜಗಳಕ್ಕೆ ಇನ್ನೊಂದು ಗಂಟೆ ಸೇರಿಸಿಕೊಳ್ಳಿ.

ಈ ವಿಧಾನ ಪೇಚಿಗೆ ಸಿಗುವುದು 17 ಅಥವಾ 33 ಜನ ಬಂದಾಗ. 17ಕ್ಕೆ ಹದಿನೈದು ಬೈ, ಮೊದಲ ಸುತ್ತಿಗೆ ಒಂದೇ ಪಂದ್ಯ. ಹದಿನೈದು ಜನರಿಗೆ ಇಲ್ಲದ ಪರೀಕ್ಷೆ ಇಬ್ಬರಿಗೆ. ಲೆಕ್ಕ ತಪ್ಪಿಲ್ಲ, ಆದರೂ ಆ ಇಬ್ಬರ ಮುಖ ನೋಡುವುದು ಕಷ್ಟ. ಹದಿನಾರಕ್ಕೇ ಪ್ರವೇಶ ಎಂದು ಮೊದಲೇ ಸಾರಿ, ಬಂದ ಕ್ರಮದಲ್ಲಿ ನಿಲ್ಲಿಸುವುದು ಒಂದು ದಾರಿ. ಸೋತವರಲ್ಲೊಬ್ಬನನ್ನು ಚೀಟಿ ಎತ್ತಿ ವಾಪಸು ಕರೆದು ಜೋಡಿ ತುಂಬಿಸುವ ಪದ್ಧತಿಯೂ ಕೆಲವು ಕಡೆ ಇದೆ. ಸೋತು ಹೊರಗೆ ನಿಂತ ಉಳಿದವರು ಅದನ್ನು ಯಾಕೆ ಒಪ್ಪಬೇಕೋ ನನಗಂತೂ ಅರ್ಥವಾಗಿಲ್ಲ.

ಡ್ರಾ ಮುಗಿದ ಮೇಲೆ ಒಬ್ಬ ಏದುಸಿರು ಬಿಡುತ್ತ ಬಂದು ‘ಅಣ್ಣಾ, ನನ್ನ ಹೆಸರೂ ಬರ್ಕೊಳ್ಳಿ, ಬೈ ಹೇಗೂ ಖಾಲಿ ಇದೆಯಲ್ಲ’ ಎನ್ನುತ್ತಾನೆ. ಹಾಳೆಯಲ್ಲಿ ಜಾಗ ಇರುವುದು ನಿಜ. ಆದರೆ ಅವನನ್ನು ಸೇರಿಸಿದರೆ ಬೈ ಪಡೆದಿದ್ದ ಒಬ್ಬ ಈಗ ಒಂದು ಪಂದ್ಯ ಹೆಚ್ಚು ಆಡಬೇಕು, ಆ ಒಬ್ಬ ಯಾರು ಎಂದು ಆರಿಸುವವರು ಸಂಘಟಕರು. ಸೇರಿಸಲೇಬೇಕಾದರೆ ಆ ಹನ್ನೊಂದು ಮನೆಗಳ ನಡುವೆ ಮತ್ತೆ ಎಲ್ಲರೆದುರೇ ಚೀಟಿ ಎತ್ತಿ. ಮೊದಲ ಪಂದ್ಯದ ಟಾಸ್ ಆದ ಮೇಲೆ ಅದೂ ಬೇಡ. ಇನ್ನು ಹೆಸರು ಕೊಟ್ಟವನು ಬರಲೇ ಇಲ್ಲವೆಂದರೆ ಹದಿನೈದು ನಿಮಿಷ ಕಾದು ಎದುರಾಳಿಗೆ ವಾಕೋವರ್ ಕೊಡಿ. ಅದನ್ನು ಹಾಳೆಯಲ್ಲಿ ವಾಕೋವರ್ ಎಂದೇ ಬರೆಯಿರಿ, ಬೈ ಎಂದಲ್ಲ. ಆ ಮನೆಗೆ ಬೇರೆಯವರನ್ನು ತುಂಬಿಸಲು, ಡ್ರಾ ಮತ್ತೆ ಮಾಡಲು ಹೋಗಬೇಡಿ.