ಮಾರಿಹೋದ ಸೈಟು, ಹಾಗೇ ಉಳಿದ ಉಯಿಲು

ಮೈಸೂರಿನ ನಿವೃತ್ತ ಮೇಷ್ಟ್ರೊಬ್ಬರು 2014ರಲ್ಲಿ ಉಯಿಲು ಬರೆಸಿದ್ದರು ಎಂದುಕೊಳ್ಳಿ. ಮನೆ ಮಗನಿಗೆ, ಸೈಟು ಮಗಳಿಗೆ, ‘ಉಳಿದದ್ದೆಲ್ಲ’ ಮತ್ತೆ ಮಗನಿಗೆ. 2019ರಲ್ಲಿ ಸೈಟು ಮಾರಿ, ಅದೇ ದುಡ್ಡಿನಲ್ಲಿ ಫ್ಲ್ಯಾಟು ಕೊಂಡರು. ಸೈಟಿನ ಜಾಗಕ್ಕೆ ಫ್ಲ್ಯಾಟು ಬಂತು, ಅದು ಮಗಳದೇ ಎಂದು ಅವರ ಎಣಿಕೆ. ಕಾನೂನಿನ ಲೆಕ್ಕ ಬೇರೆ. ಕೊಡುತ್ತೇನೆಂದು ಬರೆದ ಆಸ್ತಿಯೇ ಸಾಯುವ ಹೊತ್ತಿಗೆ ಕೈಯಲ್ಲಿಲ್ಲದಿದ್ದರೆ ಆ ಕೊಡುಗೆ ಬಿದ್ದುಹೋಗುತ್ತದೆ. ಫ್ಲ್ಯಾಟು ‘ಉಳಿದದ್ದೆಲ್ಲ’ದ ಒಳಗೆ ಸೇರಿ ಮಗನ ಪಾಲಾಗುತ್ತದೆ.

ಹಳೆಯ ಉಯಿಲಿನಲ್ಲಿ ‘ಸೈಟು’ ಎಂಬುದನ್ನು ಹೊಡೆದು ‘ಫ್ಲ್ಯಾಟು’ ಎಂದು ಬರೆದರೆ ಆಯಿತಲ್ಲ? ಆಗದು. ಸಹಿಯಾದ ಮೇಲೆ ಮಾಡಿದ ತಿದ್ದುಪಡಿಗೂ ಉಯಿಲಿಗೆ ಆದಂತೆಯೇ ಸಹಿ, ಸಾಕ್ಷಿ ಆಗಬೇಕು ಎನ್ನುತ್ತದೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಇದಕ್ಕೆ ನೇರವಾದ ದಾರಿ ಕೋಡಿಸಿಲ್, ಅಂದರೆ ಪೂರಕ ಉಯಿಲು. ಇಂಥ ತಾರೀಕಿನ ಉಯಿಲಿನ ಇಂಥ ಕಲಮು ರದ್ದು, ಅದರ ಬದಲು ಈ ಫ್ಲ್ಯಾಟು ಮಗಳಿಗೆ, ಮಿಕ್ಕ ಕಲಮುಗಳು ಹಾಗೇ ಊರ್ಜಿತ ಎಂದು ಬೇರೆ ಹಾಳೆಯಲ್ಲಿ ಬರೆದು ಮೇಷ್ಟ್ರು ಸಹಿ ಹಾಕಬೇಕು. ಅದನ್ನು ಕಂಡ ಇಬ್ಬರಾದರೂ ಅವರೆದುರು ಸಾಕ್ಷಿ ಸಹಿ ಹಾಕಬೇಕು. ಹಳೆಯ ಸಾಕ್ಷಿಗಳೇ ಆಗಬೇಕೆಂದಿಲ್ಲ. ಆದರೆ ಪಾಲು ಪಡೆಯುವವರನ್ನು ಸಾಕ್ಷಿಯಾಗಿಸಬಾರದು. ನೋಂದಣಿ ಕಡ್ಡಾಯವಲ್ಲ. ಆದರೂ ಉಯಿಲು ನೋಂದಣಿಯಾಗಿದ್ದರೆ ಇದನ್ನೂ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ, ಎರಡನ್ನೂ ಒಟ್ಟಿಗೆ ಇಡುವುದು ಲೇಸು.

ಒಂದು ಬದಲಾವಣೆಗೆ ಇಷ್ಟು ಸಾಕು. ಆದರೆ ಮೇಷ್ಟ್ರು ಮುಂದೆ ಮನೆಯಲ್ಲಿ ಹೆಂಡತಿಗೂ ಹಕ್ಕು ಕೊಡಬೇಕೆಂದು ಇನ್ನೊಂದು, ಮೊಮ್ಮಗಳಿಗೆ ಠೇವಣಿ ಎಂದು ಮತ್ತೊಂದು ಕೋಡಿಸಿಲ್ ಬರೆದರೆ ನಾಲ್ಕು ದಾಖಲೆಗಳನ್ನು ಕೂಡಿಸಿ ಓದಬೇಕಾಗುತ್ತದೆ. ಪ್ರತಿಯೊಂದಕ್ಕೂ ಸಾಕ್ಷಿ ಬೇಕು. ಒಂದು ಕಳೆದರೆ ಅರ್ಥವೇ ತಪ್ಪುತ್ತದೆ. ಯಾರಿಗೆ ಏನು ಎಂಬ ಹಂಚಿಕೆಯೇ ಬದಲಾದಾಗ, ಅಥವಾ ಎರಡನೆಯ ಕೋಡಿಸಿಲ್‌ಗೆ ಕೈ ಹಾಕುವಾಗ, ಹೊಸ ಉಯಿಲೇ ಕ್ಷೇಮ. ಅದರ ಆರಂಭದಲ್ಲೇ ‘ಹಿಂದಿನ ಎಲ್ಲ ಉಯಿಲು, ಕೋಡಿಸಿಲ್‌ಗಳನ್ನು ರದ್ದುಪಡಿಸಿದ್ದೇನೆ’ ಎಂದಿರಬೇಕು. ಈ ಸಾಲಿಲ್ಲದಿದ್ದರೆ, ಹೊಸದಕ್ಕೆ ವಿರುದ್ಧವಲ್ಲದ ಹಳೆಯ ಕಲಮುಗಳು ಇನ್ನೂ ಜೀವಂತ ಎಂದು ವಾದಿಸಲು ಅವಕಾಶವಾಗುತ್ತದೆ.

ಹಾಗೆಂದು ಹಳೆಯದನ್ನು ಆವೇಶದಲ್ಲಿ ಹರಿಯಬೇಡಿ. ಮೇಷ್ಟ್ರ ನೆನಪು ಮಸುಕಾದ ಮೇಲೆ ಬರೆದದ್ದೆಂದು ಹೊಸ ಉಯಿಲು ಕೋರ್ಟಿನಲ್ಲಿ ಬಿದ್ದರೆ, ಅದರೊಳಗಿನ ರದ್ದತಿಯ ಸಾಲೂ ಬೀಳುತ್ತದೆ, ಹಳೆಯದು ನಿಲ್ಲುತ್ತದೆ. ಹರಿದುಹಾಕಿದ್ದರೆ ನಿಲ್ಲಲು ಏನೂ ಉಳಿದಿರುವುದಿಲ್ಲ.